ಸಿಟಿ ನಾರ್ಮಲ್ ಬಂತು ಅಂತ ಮನೆಗೆ ಹೊರಡಬೇಡಿ

ಕೋಲಾರದಲ್ಲಿ 11 ವರ್ಷದಿಂದ ಸಿಟಿ ಸ್ಕ್ಯಾನ್ ಮಾಡುತ್ತಿದ್ದೇನೆ. ನಾನು ಡಾಕ್ಟರಲ್ಲ, ಟೆಕ್ನಿಷಿಯನ್. ಆದರೂ ಇದನ್ನು ಬರೆಯಲೇಬೇಕು ಅನ್ನಿಸಿತು. ಲಕ್ವ ಹೊಡೆದವರ ತಲೆ ಸ್ಕ್ಯಾನ್ ನಾರ್ಮಲ್ ಅಂದ ಕೂಡಲೇ ಮನೆಯವರು "ಸದ್ಯ, ದೇವರು ದೊಡ್ಡೋನು" ಅಂತ ಚೀಲ ಎತ್ತಿಕೊಳ್ಳುತ್ತಾರೆ. ಅವಸರ ಶುರುವಾಗುವುದೇ ಆಗ.

ಹೋದ ತಿಂಗಳು ಮುಳಬಾಗಿಲು ಕಡೆಯಿಂದ ಒಬ್ಬ ಅಮ್ಮನನ್ನು ಕರೆತಂದರು. ವಯಸ್ಸು 58. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಬಾಯಿ ಸೊಟ್ಟಗಾಗಿತ್ತು, ಮಾತು ನಿಂತಿತ್ತು. ಬೆಳಿಗ್ಗೆ 8ಕ್ಕೆ ಕೊಟ್ಟಿಗೆ ಹತ್ತಿರ ಬಿದ್ದಿದ್ದನ್ನು ಮಗ ನೋಡಿದ್ದ. 9.20ಕ್ಕೆ ನಮ್ಮ ಟೇಬಲ್ ಮೇಲೆ ಮಲಗಿಸಿದೆವು.

ಲಕ್ವ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಬೇರೆ ತೊಂದರೆಗಳನ್ನು. ಒಂದರಲ್ಲಿ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ನಾಳ ಒಡೆದು ರಕ್ತ ಮೆದುಳಿನೊಳಗೆ ಸೋರುತ್ತದೆ. ಹೊರಗಿನಿಂದ ನೋಡಿದರೆ ಎರಡರಲ್ಲೂ ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ. ಎಷ್ಟೇ ಅನುಭವ ಇದ್ದರೂ ಬರೀ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳುವುದಕ್ಕಾಗಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲನೆಯವರಿಗೆ ಕೈಕಾಲು ಉಳಿಸಬಹುದು. ಎರಡನೆಯವರಿಗೆ ಅದನ್ನೇ ಕೊಟ್ಟರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಸ್ಕ್ಯಾನ್‌ನಲ್ಲಿ ಮೊದಲು ಹುಡುಕುವುದು ರಕ್ತ ಇದೆಯಾ ಅಂತ.

ಸಿಟಿ ಪ್ರತಿ ಜಾಗಕ್ಕೂ ಒಂದು ಅಂಕ ಕೊಡುತ್ತದೆ. ನೀರಿಗೆ 0, ಮೂಳೆಗೆ ಸಾವಿರದ ಹತ್ತಿರ. ಮೆದುಳು 25ರಿಂದ 40ರ ಒಳಗೆ ಬೂದು ಬಣ್ಣದಲ್ಲಿ ಕಾಣುತ್ತದೆ. ಆಗಷ್ಟೇ ಸೋರಿ ಹೆಪ್ಪಾದ ರಕ್ತ 60–70ಕ್ಕೆ ಏರುತ್ತದೆ, ಏಕೆಂದರೆ ಅದರ ಪ್ರೋಟೀನ್ ಒತ್ತೊತ್ತಾಗಿ ಸೇರಿರುತ್ತದೆ. ಹಾಗಾಗಿ ಬೂದು ಮೆದುಳಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಬಣ್ಣದ ಇಂಜೆಕ್ಷನ್ ಬೇಡ, ಎರಡು ಮೂರು ನಿಮಿಷ ಸಾಕು.

ಹೆಪ್ಪಿನಿಂದ ನಾಳ ಮುಚ್ಚಿದಾಗ ಹೀಗಾಗಲ್ಲ. ರಕ್ತ ಸಿಗದ ಮೆದುಳು ನಿಧಾನವಾಗಿ ನೀರು ಹೀರಿಕೊಂಡು ಕಪ್ಪಾಗುತ್ತದೆ. ನೀರಿನಂಶ ಶೇ. 1ರಷ್ಟು ಜಾಸ್ತಿಯಾದರೆ ಇಳಿಯುವುದು 2–3 ಅಂಕ ಮಾತ್ರ. ಕಣ್ಣಿಗೆ ಕಾಣುವಷ್ಟು ಕಪ್ಪಾಗಲು ಗಂಟೆಗಳೇ ಬೇಕು. ಆದ್ದರಿಂದ ಬೇಗ ಬಂದವರ ಸ್ಕ್ಯಾನ್ ಎಷ್ಟೋ ಸಲ ನಾರ್ಮಲ್ಲಾಗಿಯೇ ಇರುತ್ತದೆ. ಮೆದುಳಿನ ಬಹಳಷ್ಟು ಭಾಗ ಇನ್ನೂ ಸತ್ತಿಲ್ಲ, ಉಳಿಸಿಕೊಳ್ಳಬಹುದು ಅಂತ ಅರ್ಥ.

ಆ ಅಮ್ಮನದ್ದೂ ಹಾಗೇ. ಎಲ್ಲೂ ಬಿಳುಪಿಲ್ಲ. ಡಾಕ್ಟರು ವಿಂಡೋ ಕಿರಿದು ಮಾಡಿಸಿ ನೋಡಿದರು. ಅಂದರೆ ಕೆಲವೇ ಅಂಕಗಳ ವ್ಯತ್ಯಾಸವೂ ಗೊತ್ತಾಗುವಂತೆ ಪರದೆಯನ್ನು ಹೊಂದಿಸುವುದು. ಎಡಗಡೆ ಕಿವಿಯ ನೇರಕ್ಕೆ, ಮೆದುಳಿನ ಮಡಿಕೆಯೊಳಗೆ ಇರಬೇಕಾದ ಬೂದು ಪಟ್ಟಿಯ ಅಂಚು ಸ್ವಲ್ಪ ಮಸುಕಾದ ಹಾಗಿತ್ತು. ಅಷ್ಟೇ. ಹೊರಗೆ ಮಗ, "ನಾರ್ಮಲ್ ಅಂತೆ ಅಲ್ವಾ ಸರ್, ಗಡಿಯಾಚೆ ಲಕ್ವದ ಔಷಧಿ ಕೊಡ್ತಾರಂತೆ, ಅಲ್ಲಿಗೇ ಕರ್ಕೊಂಡು ಹೋಗ್ತೀವಿ" ಅಂತಿದ್ದ. ಡಾಕ್ಟರು ಅವನ ಕೈ ಹಿಡಿದು ಕೂರಿಸಿ ಕೇಳಿದ್ದು ಒಂದೇ: "ನಿಮ್ಮಮ್ಮ ಚೆನ್ನಾಗಿದ್ದಿದ್ದನ್ನ ಕೊನೆಗೆ ನೋಡಿದ್ದು ಯಾರು? ಎಷ್ಟೊತ್ತಿಗೆ?"

ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಆ ಲೆಕ್ಕ ಬಿದ್ದಿದ್ದನ್ನು ಕಂಡ ಹೊತ್ತಿನಿಂದ ಶುರುವಾಗಲ್ಲ. ಕೊನೆಗೆ ಸರಿ ಇದ್ದ ಹೊತ್ತಿನಿಂದ ಶುರುವಾಗುತ್ತದೆ. "ರಾತ್ರಿ 9ಕ್ಕೆ ಊಟ ಮಾಡಿ ಮಲಗಿದ್ರು" ಅಂದ ಮಗ. ಹಾಗಾದರೆ ಗಡುವು ಮುಗಿದೇ ಹೋಗಿತ್ತು. ಆಮೇಲೆ ಸೊಸೆಗೆ ನೆನಪಾಯಿತು. ಅತ್ತೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದಿದ್ದಾರೆ! ಊರಿಗೆ ಫೋನ್ ಮಾಡಿ ಹಾಲಿನ ಚೀಟಿ ಹುಡುಕಿಸಿದರು. ಹೊತ್ತು 6.40 ಅಂತ ಅಚ್ಚಾಗಿತ್ತು. "ನನ್ನತ್ರ ಚೆನ್ನಾಗಿ ಮಾತಾಡಿ ಹೋದ್ರು" ಅಂದರು ಡೇರಿ ಸೆಕ್ರೆಟರಿ. ಅಲ್ಲಿಗೆ 11.10ರವರೆಗೆ ಸಮಯ ಸಿಕ್ಕಿತು. ಬಿಪಿ, ಶುಗರ್ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರಾ ಅಂತ ವಿಚಾರಿಸಿ, 10.05ಕ್ಕೆ ಇಂಜೆಕ್ಷನ್ ಶುರು ಮಾಡಿದರು.

ಗಡುವು ಇದೆ ಅಂತ ನಿಧಾನ ಮಾಡುವ ಹಾಗೂ ಇಲ್ಲ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಅಂದಾಜಿದೆ. ಸೋರುವ ರಕ್ತವೂ ಮೊದಲ ಕೆಲವು ಗಂಟೆಗಳಲ್ಲೇ ಹಿಗ್ಗುವುದು ಜಾಸ್ತಿ, ಅವರಿಗೆ ತಕ್ಷಣ ಬಿಪಿ ಇಳಿಸಬೇಕು. ಇನ್ನೊಂದು ಮಾತು, ದಯವಿಟ್ಟು ಸ್ಕ್ಯಾನ್‌ಗೆ ಮೊದಲು ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ಒಳಗೆ ರಕ್ತ ಸೋರುತ್ತಿದ್ದರೆ ಅದನ್ನು ನಾವೇ ಹೆಚ್ಚಿಸಿದ ಹಾಗಾಗುತ್ತದೆ. ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಹಾಕಿಸೋಣ ಅಂತ ಒಂದು ಗಂಟೆ ಕಳೆದು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಸಿಟಿ ಇರುವ, ಇಂಜೆಕ್ಷನ್ ಕೊಡುವ ಆಸ್ಪತ್ರೆಗೆ ನೇರ ಹೋಗಿ. 108ಕ್ಕೆ ಫೋನ್ ಮಾಡಿದಾಗಲೇ ಲಕ್ವ ಅಂತ ಹೇಳಿ.

ಇಂಜೆಕ್ಷನ್ ಆಗಿ 24 ಗಂಟೆಗೆ ಮತ್ತೆ ಸ್ಕ್ಯಾನ್ ಮಾಡಬೇಕು, ರಕ್ತ ಸೋರಿಲ್ಲ ಅಂತ ಖಾತ್ರಿ ಮಾಡಿಕೊಂಡು ಆಸ್ಪಿರಿನ್ ಶುರು ಮಾಡಲು. ಆ ಅಮ್ಮ ಬಲಗೈಯನ್ನು ತಾವೇ ಎತ್ತಿ ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಿದರು. ಬಿಳುಪು ಇರಲಿಲ್ಲ. ಹಿಂದಿನ ದಿನ ಮಸುಕಾಗಿದ್ದ ಜಾಗದಲ್ಲಿ ಮಾತ್ರ ಹುಣಸೆ ಬೀಜದಷ್ಟು ಕಪ್ಪು ಕಂಡಿತು. ಮಗನನ್ನು ಕರೆದು ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದೆ. ನಿನ್ನೆಯದ್ದರ ಮೇಲೆ ಬೆರಳಿಟ್ಟು, "ಇದೇನಾ ಸರ್ ನಾರ್ಮಲ್ ಅಂದಿದ್ದು?" ಅಂತ ಕೇಳಿದ.