"ನೀನೊಬ್ಬ ಬರಲಿಲ್ಲ" ಎನ್ನುವ ಸಾಲಿಗೆ ಚಪ್ಪಾಳೆ ಯಾಕೆ ಬಿತ್ತು?

ನಿನ್ನೆ ಉಡುಪಿಯ ಭಾವಗೀತೆ ಕಾರ್ಯಕ್ರಮದಲ್ಲಿ ಹೊಸ ಹಾಡೊಂದನ್ನು ಹಾಡಿದರು. ಕಡಲಿಗೆ ಹೋದ ಗಂಡ ವಾಪಸ್ ಬಾರದ ಹೆಂಗಸಿನ ಹಾಡು. "ದೋಣಿಗಳೆಲ್ಲ ದಡ ಸೇರಿದವು, ನೀನೊಬ್ಬ ಬರಲಿಲ್ಲ" ಎಂಬುದು ಪಲ್ಲವಿ. ಆ "ಬರಲಿಲ್ಲ"ಕ್ಕೆ ಇಡೀ ಸಭೆ ತಾಳ ಹಾಕಿ ಚಪ್ಪಾಳೆ ತಟ್ಟಿತು. ಮಲ್ಪೆಯಿಂದ ಬಂದವರೂ ಅಲ್ಲಿದ್ದರು. ನನ್ನ ಸೋದರಮಾವನೂ ಹೀಗೇ ಕಡಲಿಗೆ ಹೋಗಿ ವಾಪಸ್ ಬಾರದವರು, ನನಗೆ ಕೂತಲ್ಲಿ ಕೂರಲು ಆಗಲಿಲ್ಲ.

ಸಭೆಯನ್ನು ಬೈಯುವುದಿಲ್ಲ. ಕುಣಿಯುವ ಧಾಟಿ ಕೊಟ್ಟರೆ ಕೈ ತಟ್ಟದೆ ಎಂತ ಮಾಡುವುದು? ಮೋಹನ ರಾಗ, ಓಡುವ ಕೆಹರವಾ, ರಿದಮ್ ಪ್ಯಾಡು, ಸಾಲು ಮುಗಿಯುವ ಮೊದಲೇ ನುಗ್ಗುವ ಕೊಳಲು. ಮಾತು ಅಳುತ್ತಿದೆ, ಉಳಿದದ್ದೆಲ್ಲ ಮದುವೆ ದಿಬ್ಬಣ.

ಸಂಯೋಜನೆ ಮಾಡಿದ ಹುಡುಗ ಇವತ್ತು ಬೆಳಿಗ್ಗೆ ಮನೆಗೆ ಬಂದ. "ಅಕ್ಕ, ಸ್ಪೀಡ್ ಕಡಿಮೆ ಮಾಡಿದರೆ ಸರಿಯಾಗ್ತದಲ್ವಾ?" ಎಂದ. ಎಲ್ಲರೂ ಮೊದಲು ಹುಡುಕುವ ದಾರಿ ಇದೇ. ವೇಗ ಅರ್ಧಕ್ಕೆ ಇಳಿಸಿ ಹಾಡಿಸಿದೆ. ದುಃಖ ಬರಲಿಲ್ಲ, ಅದೇ ಖುಷಿ ಸುಸ್ತಾದ ಹಾಗೆ ಕೇಳಿತು. ಖುಷಿ ಇದ್ದದ್ದು ವೇಗದಲ್ಲಿ ಮಾತ್ರ ಅಲ್ಲವಲ್ಲ.

ಆಮೇಲೆ ಹಾರ್ಮೋನಿಯಂ ಎಳೆದುಕೊಂಡೆ. ಮೋಹನದ ಸ್ವರಗಳು ಸ ರಿ ಗ ಪ ದ. ಅದರಲ್ಲಿ ಗಾಂಧಾರ ಒಂದನ್ನು ಕೆಳಗಿಳಿಸಿದರೆ ಶಿವರಂಜಿನಿ, ಉಳಿದ ನಾಲ್ಕೂ ಅವೇ. ಶ್ರುತಿ ಬಿಳಿ ಒಂದಾದರೆ ಬಿಳಿ ಮೂರರ ಬದಲು ಕಪ್ಪು ಎರಡು ಒತ್ತಿದರಾಯಿತು. ಹುಡುಗ ಒಮ್ಮೆ ಒತ್ತಿ ನೋಡಿ ಸುಮ್ಮನಾದ. ಬಣ್ಣ ಅಷ್ಟು ಬದಲಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೋಮಲ ಗಾಂಧಾರ ಬಂದ ಮಾತ್ರಕ್ಕೆ ಹಾಡು ಅಳುವುದಿಲ್ಲ, ಉತ್ತರಾದಿಯವರು ಹೋಳಿ ಹಾಡುಗಳನ್ನು ಅದೇ ಗಾಂಧಾರವಿರುವ ಕಾಫಿಯಲ್ಲೇ ಹಾಡುತ್ತಾರೆ. ನಮ್ಮ ಹಾಡಿನಲ್ಲಿ "ಬರಲಿಲ್ಲ" ಎಂಬಲ್ಲಿ ಧಾಟಿ ಪ ದ ಎಂದು ಏರಿ ಮೇಲಿನ ಷಡ್ಜದಲ್ಲಿ ನಿಲ್ಲುತ್ತಿತ್ತು. ಗೆದ್ದು ಬಂದವನ ದನಿ ಅದು. ಅದನ್ನು ಮುರಿದು ಪ ಗ ರಿ ಎಂದು ಇಳಿಸಿ, ರಿಷಭದಲ್ಲೇ ಬಿಟ್ಟೆವು. ಷಡ್ಜಕ್ಕೆ ಬಂದರೆ ಮನೆ ಸೇರಿದ ಹಾಗೆ. ಈ ಹಾಡಿನಲ್ಲಿ ಯಾರೂ ಮನೆ ಸೇರಿಲ್ಲ. ಮೊದಲು "ಬ" ಅಕ್ಷರವನ್ನು ಎಳೆದಿದ್ದರು. ಮಾತಿನಲ್ಲಿ ಭಾರ ಬೀಳುವುದು "ಲಿಲ್" ಮೇಲೆ, ಎಳೆತವನ್ನು ಅಲ್ಲಿಗೆ ಸರಿಸಿದೆವು.

ತಾಳವನ್ನು ಆರು ಮಾತ್ರೆಯ ನಿಧಾನ ದಾದ್ರಾಕ್ಕೆ ತಂದೆವು, ಪಲ್ಲವಿಗೆ ತಬಲಾ ಇಲ್ಲ. "ಬರಲಿಲ್ಲ" ಆದ ಮೇಲೆ ಒಂದು ಆವರ್ತನ ಏನೂ ಇಲ್ಲ, ಶ್ರುತಿ ಮಾತ್ರ. ಕೀಬೋರ್ಡಿನವನಿಗೆ ಇದು ಇಷ್ಟವಾಗಲಿಲ್ಲ, ಸಭೆಗೆ ಬೋರಾಗ್ತದೆ ಅಂತೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ಊರು ಮಾರಾಯ್ರೆ ಇದು! ಕರುಣ ರಸದ ಪದ್ಯ ಬಂದಾಗ ಚೆಂಡೆ ಸುಮ್ಮನಾಗಿ ಭಾಗವತರೂ ಮದ್ದಲೆಯೂ ಮಾತ್ರ ಉಳಿಯುವಾಗ ಎದ್ದು ಹೋದವರನ್ನು ನಾನು ಕಂಡಿಲ್ಲ.

ಕೆಲವರು ಹೇಳುತ್ತಾರೆ, ದುಃಖದ ಮಾತಿಗೆ ಖುಷಿಯ ಧಾಟಿ ಹಾಕುವುದೂ ಒಂದು ಕಲೆ, ವಿರೋಧದಿಂದಲೇ ಭಾವ ಹೆಚ್ಚುತ್ತದೆ ಎಂದು. ಹೆಚ್ಚುತ್ತದೆ, ಆ ವಿರೋಧ ಮಾತಿನಲ್ಲೂ ಇದ್ದರೆ. ನಗುತ್ತಾ ಸಂಕಟ ಮುಚ್ಚಿಡುವ ಪಾತ್ರವಾದರೆ ಸರಿ. ಈ ಹೆಂಗಸು ಏನನ್ನೂ ಮುಚ್ಚಿಡುತ್ತಿಲ್ಲ, ಬಾಯಿಬಿಟ್ಟು ಹೇಳುತ್ತಿದ್ದಾಳೆ. ಧಾಟಿ ಅವಳ ಬಾಯಿ ಮುಚ್ಚಿಸಿತು. ಮಾತು ಓದದೆ ಟ್ಯೂನ್ ಹಾಕಿ, ಕೇಳಿದವರಿಗೆ ವಿರೋಧ ಎಂದು ಉತ್ತರ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮಾತು ತೆಗೆದು ಬರೀ ಲಾಲಾ ಎಂದು ಧಾಟಿಯನ್ನು ಯಾರಿಗಾದರೂ ಕೇಳಿಸಿ, ಇದು ಎಂತದ್ದರ ಹಾಡು ಎಂದು ಕೇಳಿ. ಜಾತ್ರೆ ಎಂದರೆ ತಿದ್ದಲೇಬೇಕು.

ಹಳೆಯ ಮೋಹನವನ್ನು ಪೂರ್ತಿ ಬಿಸಾಡಲಿಲ್ಲ. ಎರಡನೇ ಚರಣದಲ್ಲಿ ಅವನು ಮಗುವನ್ನು ಹೆಗಲ ಮೇಲೆ ಕೂರಿಸಿ ಬಲೆ ತೋರಿಸಿದ ನೆನಪು ಬರುತ್ತದೆ. ಆ ನಾಲ್ಕು ಸಾಲಿಗೆ ಮಾತ್ರ ಶುದ್ಧ ಗಾಂಧಾರ, ತಬಲಾ ಮೆಲ್ಲಗೆ. ಮಾತೇ ಅಲ್ಲಿ ಸಂತೋಷದ್ದು, ಹಾಗಾಗಿ ಆ ಸ್ವರ ಅಲ್ಲಿ ಸುಳ್ಳಾಗುವುದಿಲ್ಲ.

ಅಲ್ಲಿಂದ ಪಲ್ಲವಿಗೆ ಮರಳುವುದು ಮಾತ್ರ ಇನ್ನೂ ಕೂಡಿಬಂದಿಲ್ಲ. ಎರಡು ಗಾಂಧಾರ ಹತ್ತಿರ ಹತ್ತಿರ ಬಂದರೆ ಹಾಡಿದವರು ಅಪಸ್ವರ ಹಿಡಿದ ಹಾಗೆ ಕೇಳುತ್ತದೆ. ಚರಣದ ಕೊನೆಯ ಸಾಲಿನಲ್ಲಿ ಗಾಂಧಾರವನ್ನೇ ಬಿಟ್ಟು ಸ, ರಿ, ಪ ಮಾತ್ರ ಇಟ್ಟು ದಾಟಿಸಬೇಕು ಅಂತ ಹೇಳಿ ಕಳಿಸಿದ್ದೇನೆ, ನಾಳೆ ಹಾಡಿಕೊಂಡು ಬರುತ್ತಾನೆ.