ನೆಟ್ ನ್ಯೂ ಹೈ ಮೈನಸ್ ಆದರೆ ಮಾರಲೇಬೇಕಾ? ಒಂದು ಸ್ಪಷ್ಟನೆ

"ನೆಟ್ ನ್ಯೂ ಹೈ ಮೈನಸ್‌ಗೆ ಹೋದ್ರೆ ಮಾರ್ಕೆಟ್ ಇನ್ನೂ ಬೀಳೋದು ಗ್ಯಾರಂಟಿ, ಇರೋದೆಲ್ಲ ಮಾರಿಬಿಡಿ."

ತೀರ್ಥಹಳ್ಳಿಯ ನಮ್ಮ ಅಡಿಕೆ ಗುಂಪಿಗೂ ಬಂದಿರುವ ಈ ಮೆಸೇಜ್ ತಪ್ಪು. ನೆಟ್ ನ್ಯೂ ಹೈ ಅಂದರೆ 52 ವಾರದ ಹೊಸ ಎತ್ತರ ಮುಟ್ಟಿದ ಷೇರುಗಳ ಸಂಖ್ಯೆಯಲ್ಲಿ ಹೊಸ ತಳ ಮುಟ್ಟಿದವುಗಳ ಸಂಖ್ಯೆ ಕಳೆದರೆ ಬರುವ ಲೆಕ್ಕ. ಎತ್ತರ ಮುಟ್ಟಿದ್ದು 40, ತಳ ಮುಟ್ಟಿದ್ದು 300 ಅಂದುಕೊಳ್ಳಿ, ಲೆಕ್ಕ ಮೈನಸ್ 260. ಆ ಒಂದು ಅಂಕಿ ಸುಮ್ನೆ ಏನೂ ಹೇಳುವುದಿಲ್ಲ. ಸೂಚ್ಯಂಕ ಹಿಂದೆ ತಳ ಮುಟ್ಟಿದಾಗ ಈ ಲೆಕ್ಕ ಎಷ್ಟಿತ್ತು ಅನ್ನೋದರ ಜೊತೆ ಹೋಲಿಸಬೇಕು.

ಅಮೆರಿಕದ್ದೇ ನೋಡಿ. ಎಸ್ ಆ್ಯಂಡ್ ಪಿ 500 ಸೂಚ್ಯಂಕ 2008ರ ಅಕ್ಟೋಬರ್ 10ರಂದು 899ಕ್ಕೆ ಮುಗಿಯಿತು. 2009ರ ಮಾರ್ಚ್ 9ರಂದು 676, ಅಂದರೆ ಇನ್ನೂ ಕಾಲು ಭಾಗ ಕೆಳಗೆ. ಆದರೆ ಹೊಸ ತಳ ಮುಟ್ಟಿದ ಷೇರುಗಳು ಅಕ್ಟೋಬರ್‌ಗಿಂತ ಮಾರ್ಚ್‌ನಲ್ಲಿ ತುಂಬಾ ಕಡಿಮೆ. ಲೆಕ್ಕ ಆಗಲೂ ಮೈನಸ್ಸೇ, ಆದರೆ ಜಾಸ್ತಿ ಷೇರುಗಳಲ್ಲಿ ಮಾರುವವರ ಒತ್ತಡ ಆಗಲೇ ತಗ್ಗಿತ್ತು. ಅದೇ ಕೊನೆಯ ತಳ, ಅವತ್ತು ಮಾರಿದವರು ತಳದಲ್ಲೇ ಮಾರಿದ ಹಾಗಾಯ್ತು ಅಲ್ವಾ?

ಶಿಖರದಲ್ಲಿ ಉಲ್ಟಾ: ಸೂಚ್ಯಂಕ ಏರುತ್ತದೆ, ಲೆಕ್ಕ ಇಳಿಯುತ್ತದೆ. ಅದು ಎಚ್ಚರಿಕೆ ಹೌದು, ಆದರೆ ತಿಂಗಳುಗಟ್ಟಲೆ ಹಾಗೇ ಎಳೆಯಬಹುದು, ದಿನಾಂಕ ಹೇಳುವುದಿಲ್ಲ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಇದನ್ನೂ ಅಲ್ಲಿಗೇ ಕಳಿಸಿ.