ಸತ್ಯಾಂಶ: ಸ್ಪೇನ್‌ನಲ್ಲಿ ಮತಾಂತರ ಆದವರು ಉಳಿದುಕೊಂಡರೇ?

"1492ರಲ್ಲಿ ಸ್ಪೇನ್ ಯಹೂದಿಗಳನ್ನೂ ಮುಸ್ಲಿಮರನ್ನೂ ಒಟ್ಟಿಗೆ ಓಡಿಸಿತು. ಮತಾಂತರ ಆದವರು ನೆಮ್ಮದಿಯಾಗಿ ಉಳಿದರು. ಇದು ನಿಜಾನಾ?"

ಇಲ್ಲ. 1492ರ ಮಾರ್ಚ್ 31ರ ಆಜ್ಞೆ ಯಹೂದಿಗಳಿಗೆ ಮಾತ್ರ. ದಕ್ಷಿಣ ಸ್ಪೇನ್‌ನ ಗ್ರಾನಡಾದ ಮುಸ್ಲಿಮರಿಗೆ ಧರ್ಮ ಉಳಿಸಿಕೊಳ್ಳಬಹುದು ಎಂದು 1491ರ ಶರಣಾಗತಿ ಒಪ್ಪಂದದಲ್ಲೇ ಮಾತು ಕೊಡಲಾಗಿತ್ತು. ಆ ಮಾತು ಹತ್ತು ವರ್ಷವೂ ನಿಲ್ಲಲಿಲ್ಲ. 1499ರಲ್ಲಿ ಟೊಲೆಡೊದ ಆರ್ಚ್‌ಬಿಷಪ್ ಸಿಸ್ನೆರೋಸ್ ಅಲ್ಲಿ ಜನರನ್ನು ಕ್ರೈಸ್ತರನ್ನಾಗಿಸುವ ಸಾಮೂಹಿಕ ದೀಕ್ಷಾಸ್ನಾನ ಶುರುಮಾಡಿದರು, ಜನ ದಂಗೆ ಎದ್ದರು. 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರಿಗೆ ಉಳಿದದ್ದು ಎರಡೇ ದಾರಿ: ಮತಾಂತರ ಅಥವಾ ದೇಶ ಬಿಡುವುದು.

ಪೂರ್ವ ಸ್ಪೇನ್‌ನ ವಲೆನ್ಸಿಯಾದ ಕಥೆ ಇನ್ನೂ ಕಠೋರ. 1521ರಲ್ಲಿ ದಂಗೆಕೋರ ಕುಶಲಕರ್ಮಿಗಳು ಮುಸ್ಲಿಮರನ್ನು ಹೆದರಿಸಿ ದೀಕ್ಷಾಸ್ನಾನ ಮಾಡಿಸಿದರು. ಮುಸ್ಲಿಮರು ಶ್ರೀಮಂತರ ಜಮೀನಿನಲ್ಲಿ ದುಡಿಯುತ್ತಿದ್ದರು, ದಂಗೆಯ ಸಿಟ್ಟು ಆ ಶ್ರೀಮಂತರ ಮೇಲಿತ್ತು. ದಂಗೆ ಅಡಗಿದ ಮೇಲೆ ಪ್ರಶ್ನೆ ಎದ್ದಿತು: ಜೀವಭಯದಲ್ಲಿ ಆದ ದೀಕ್ಷೆ ಲೆಕ್ಕಕ್ಕೆ ಬರುತ್ತಾ?

ಬಲವಂತ ಕೂಡದು ಎಂದು ಚರ್ಚ್‌ನ ಹಳೆಯ ನಿಯಮವೇ ಹೇಳುತ್ತಿತ್ತು. ಆದರೆ 633ರ ಟೊಲೆಡೊ ಧರ್ಮಸಭೆ ಇನ್ನೊಂದನ್ನೂ ಸೇರಿಸಿತ್ತು: ಒಮ್ಮೆ ದೀಕ್ಷೆ ಆದವರು ಹಿಂದೆ ಹೋಗುವಂತಿಲ್ಲ. 1525ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಕೂಡಿಸಿದ ಸಭೆ ದೀಕ್ಷೆ ಸಿಂಧು ಎಂದಿತು. ಸಾವಿನ ಬದಲು ದೀಕ್ಷೆ ಆರಿಸಿಕೊಂಡದ್ದೂ ಒಪ್ಪಿಗೆಯೇ ಎಂಬ ವಾದ ಗೆದ್ದಿತು. ಇದನ್ನು ಒಪ್ಪಿಗೆ ಅನ್ನುವುದು ಅನ್ಯಾಯ, ಅಲ್ವಾ? ಆ ಕಾಲದ ಕೆಲವು ಪಾದ್ರಿಗಳಿಗೂ ಹಾಗೇ ಅನಿಸಿತ್ತು.

ಹೀಗೆ ಕ್ರೈಸ್ತರಾದವರಿಗೆ ಮೊರಿಸ್ಕೊ ಎಂಬ ಹೆಸರು ಬಂತು. ಮನೆಯಲ್ಲಿ ಹಳೆಯ ಆಚರಣೆ ಕಂಡರೆ ಧರ್ಮದ್ರೋಹ ವಿಚಾರಿಸುವ ನ್ಯಾಯಾಲಯವಾದ ಇನ್‌ಕ್ವಿಸಿಷನ್‌ನ ವಿಚಾರಣೆ ಕಾಯುತ್ತಿತ್ತು. ಕೊನೆಗೆ 1609ರಿಂದ 1614ರೊಳಗೆ ಸ್ಪೇನ್ ರಾಜ ಮೂರನೇ ಫಿಲಿಪ್ ಸುಮಾರು 3 ಲಕ್ಷ ಮೊರಿಸ್ಕೊಗಳನ್ನು ಹೊರಹಾಕಿದ. ದಾಖಲೆಯಲ್ಲಿ ಅವರು ಕ್ರೈಸ್ತರೇ. ಹೆಚ್ಚಿನವರು ಉತ್ತರ ಆಫ್ರಿಕಾ ಸೇರಿದರು.